ಗ್ಯಾಪಿಂಗ್‌ಗೆ ಸಂದರ್ಭ ಸಾಕಾ, ರಚನೆಯೂ ಹೊಂದಬೇಕಾ?

‘ಅಣ್ಣ ದೋಸೆ, ತಂಗಿ ಇಡ್ಲಿ ತಿಂದಳು.’ ಇಲ್ಲಿ ಬಿಟ್ಟುಹೋಗಿರೋದು ‘ತಿಂದ’, ಉಳಿದಿರೋದು ‘ತಿಂದಳು’. ರೂಪ ಬೇರೆ, ಆದ್ರೂ ಅರ್ಥ ಆಗುತ್ತೆ. ಹಾಗಾದ್ರೆ ಹೀಗೆ ಒಂದು ಭಾಗದಲ್ಲಿ ಕ್ರಿಯಾಪದ ಬಿಡೋ ಗ್ಯಾಪಿಂಗ್‌ಗೆ ಎರಡು ಭಾಗಗಳ ರಚನೆ ಹೊಂದಬೇಕಿಲ್ಲ, ಸಂದರ್ಭ ಸಾಕು ಅಂತ ಎಂ.ಎ. ಪ್ರಬಂಧದಲ್ಲಿ ವಾದಿಸಬಹುದಾ?

ಇದೇ ವಾದವನ್ನು ನಾನೂ ನನ್ನ ಎಂ.ಎ. ಪ್ರಬಂಧದಲ್ಲಿ ಮಾಡಿದ್ದೆ. ಉದಾಹರಣೆಗಳೂ ಹೆಚ್ಚುಕಡಿಮೆ ಇಂಥವೇ. ವೈವಾದಲ್ಲಿ ಪರೀಕ್ಷಕರು ಎಲ್ಲ ಕೇಳಿಸಿಕೊಂಡು ಬೋರ್ಡ್ ಮೇಲೆ ಎರಡು ಸಾಲು ಬರೆದರು.

ಅಕ್ಕನಿಗೆ ಕಾಫಿ ಇಷ್ಟ, ತಂಗಿಗೆ ಟೀ.
ಅಕ್ಕನಿಗೆ ಕಾಫಿ ಇಷ್ಟ, ತಂಗಿ ಟೀಯನ್ನು.

‘ಎರಡನೆಯದು ಯಾಕೆ ಕೆಡುತ್ತೆ ಹೇಳಿ’ ಅಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅರ್ಥವೇನೋ ಸಲೀಸಾಗಿ ಸಿಗುತ್ತೆ, ‘ತಂಗಿ ಟೀಯನ್ನು ಇಷ್ಟಪಡುತ್ತಾಳೆ’ ಅಂತ. ‘ಇಷ್ಟ’ಕ್ಕೂ ‘ಇಷ್ಟಪಡು’ಗೂ ಅರ್ಥದಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಂದರ್ಭವೇ ಸಾಕು ಅನ್ನೋದಾದರೆ ಈ ವಾಕ್ಯ ನಡೆಯಬೇಕಿತ್ತು. ನಡೆಯಲ್ಲ. ಆ ಅಧ್ಯಾಯವನ್ನು ಮೊದಲಿನಿಂದ ಬರೆಯಬೇಕಾಯಿತು, ಪದವಿಯೂ ತಡವಾಯಿತು.

ನಾನು ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ನಿಮ್ಮ ಉದಾಹರಣೆಯಲ್ಲೂ ಅದೇ ಇದೆ. ‘ಅಣ್ಣ ದೋಸೆ’ ಅನ್ನೋದರಲ್ಲಿ ವಿಭಕ್ತಿ ಪ್ರತ್ಯಯ ಎಲ್ಲಿದೆ? ಕರ್ತೃವಿಗೆ ಪ್ರತ್ಯಯ ಕಾಣಲ್ಲ. ನಿರ್ಜೀವ ಕರ್ಮಕ್ಕೆ ‘ಅನ್ನು’ ಬಿಟ್ಟರೂ ನಡೆಯುತ್ತೆ. ನಾನು ಆರಿಸಿಕೊಂಡ ವಾಕ್ಯಗಳೆಲ್ಲ ಹೀಗೆ ಬೋಳು ಬೋಳಾಗಿದ್ದವು. ರಚನೆ ಹೊಂದದಿದ್ದರೆ ಅದು ಮೊದಲು ಎದ್ದು ಕಾಣೋದೇ ವಿಭಕ್ತಿಯಲ್ಲಿ. ವಿಭಕ್ತಿಯೇ ಕಾಣದ ವಾಕ್ಯಗಳನ್ನು ಗುಡ್ಡೆ ಹಾಕಿಕೊಂಡು, ರಚನೆಯ ಗುರುತೇ ಇಲ್ಲ ಅಂತ ತೀರ್ಮಾನ ಮಾಡಿದ್ದೆ. ‘ಇಷ್ಟ’, ‘ಬೇಕು’, ‘ಗೊತ್ತು’ ಇಂಥ, ಕರ್ತೃವಿನ ಜಾಗದಲ್ಲಿ ‘ಗೆ’ ಬೇಡುವ ಪದಗಳನ್ನು ಒಂದು ಸಲವಾದರೂ ಹಾಕಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

‘ತಿಂದ’, ‘ತಿಂದಳು’ ವ್ಯತ್ಯಾಸದ ಮೇಲೆ ವಾದ ಕಟ್ಟಬೇಡಿ. ‘ಅಳು’ ಅನ್ನೋ ಪ್ರತ್ಯಯವನ್ನು ಆಯಾ ಕರ್ತೃ ತಂದು ಹಚ್ಚುತ್ತೆ, ಅಷ್ಟೆ. ಹೊಂದಬೇಕಾಗಿರೋದು ಧಾತು, ಮತ್ತು ಆ ಧಾತು ತನ್ನ ಜೊತೆಯ ನಾಮಪದಗಳಿಂದ ಕೇಳುವ ವಿಭಕ್ತಿ. ಲಿಂಗ ಬದಲಾದರೆ ವಾಕ್ಯಕ್ಕೆ ಏನೂ ಆಗಲ್ಲ, ವಿಭಕ್ತಿ ಬದಲಾದರೆ ಮುರಿದುಬೀಳುತ್ತೆ.

ಇನ್ನೊಂದು ಮಾತು. ನಿಮ್ಮ ವಾಕ್ಯದಲ್ಲಿ ಮೊದಲ ಕ್ರಿಯಾಪದ ‘ಬಿಟ್ಟುಹೋಗಿದೆ’ ಅನ್ನೋದನ್ನೇ ನಾನು ಒಪ್ಪಲ್ಲ. ‘ಅಣ್ಣ ದೋಸೆಯನ್ನೂ ತಂಗಿ ಇಡ್ಲಿಯನ್ನೂ ತಿಂದರು’ ಅಂತಲೂ ಬರೆಯುತ್ತೇವೆ, ಅಲ್ವಾ? ಇಲ್ಲಿ ‘ತಿಂದರು’ ಯಾರದು? ಅಣ್ಣನದೂ ಅಲ್ಲ, ತಂಗಿಯದೂ ಅಲ್ಲ, ಇಬ್ಬರದೂ ಸೇರಿ. ಎರಡು ಪೂರ್ತಿ ವಾಕ್ಯ ಮಾಡಿ ಒಂದರಲ್ಲಿ ಅಳಿಸಿದರೆ ಈ ಬಹುವಚನ ಬರೋದಕ್ಕೆ ದಾರಿಯೇ ಇಲ್ಲ. ಕೊನೆಯಲ್ಲಿರುವ ಒಂದೇ ಕ್ರಿಯಾಪದವನ್ನು ಎರಡೂ ಭಾಗ ಹಂಚಿಕೊಂಡಿವೆ ಅನ್ನೋದೇ ನನಗೆ ಸರಿ ಕಾಣುತ್ತೆ. ಕರ್ತೃ-ಕರ್ಮ-ಕ್ರಿಯೆ ಕ್ರಮದ ಭಾಷೆಗಳಲ್ಲಿ ಮೊದಲ ಭಾಗದ ಕ್ರಿಯಾಪದ ಲೋಪವಾಗುತ್ತೆ ಅಂತ ಭಾಷಾವಿಜ್ಞಾನಿ ರಾಸ್ 1970ರಲ್ಲಿ ಹೇಳಿದ ಮೇಲೆ, ಅದು ನಿಜವಾಗಿ ಗ್ಯಾಪಿಂಗೇ ಹೌದಾ ಅನ್ನೋ ಜಗಳ ಶುರುವಾಗಿದ್ದೂ ಇಂಥ ಕಾರಣಗಳಿಗೇ. ಈ ಬಹುವಚನ ಪರೀಕ್ಷಿಸುವಾಗ ಮಕ್ಕಳ ಹೆಸರು ಹಾಕಿ. ‘ಮೇಷ್ಟ್ರು’, ‘ಅಪ್ಪ’ ಅಂತ ಹಾಕಿದರೆ ಗೌರವದ ‘ಅರು’ ಯಾವುದು, ಬಹುವಚನದ ‘ಅರು’ ಯಾವುದು ಗೊತ್ತಾಗಲ್ಲ. ಕೊನೆಯ ಕ್ರಿಯಾಪದದಲ್ಲಿ ಈ ಹಂಚಿಕೆಯ ಅನುಮಾನ ಇರೋದರಿಂದ, ನಿಮ್ಮ ಪ್ರಶ್ನೆಗೆ ಬೇಕಾಗಿರೋದು ಕ್ರಿಯಾಪದ ಮೊದಲ ಭಾಗದಲ್ಲಿ ಉಳಿದು ಎರಡನೆಯದರಲ್ಲಿ ಇಲ್ಲದ ವಾಕ್ಯ.

ಸಂದರ್ಭಕ್ಕೆ ಕೆಲಸವೇ ಇಲ್ಲ ಅಂತಲ್ಲ. ಹೋಟೆಲಿನಲ್ಲಿ ಕೂತು ‘ನನಗೆ ಟೀ, ಇವರಿಗೆ ಕಾಫಿ’ ಅಂತೀವಿ. ಹಿಂದೆ ಯಾವ ವಾಕ್ಯವೂ ಇಲ್ಲ. ಬಿಟ್ಟಿದ್ದು ‘ಕೊಡಿ’ನಾ, ‘ಬೇಕು’ನಾ, ‘ತನ್ನಿ’ನಾ? ಯಾವುದಾದರೂ ನಡೆಯುತ್ತೆ. ಇದು ನಿಜವಾಗಿಯೂ ಸಂದರ್ಭದಿಂದ ಸಿಗುವ ಅರ್ಥ. ಆದರೆ ‘ಅಮ್ಮ ನನಗೆ ಸೀರೆ ಕೊಟ್ಟಳು, ಅಕ್ಕ ಬಳೆ’ ಅಂದರೆ ಕೊಟ್ಟವಳು ಅಕ್ಕ. ‘ಅಕ್ಕನಿಗೆ ಬಳೆ’ ಅಂದರೆ ಇಸಕೊಂಡವಳು ಅಕ್ಕ. ಇಲ್ಲಿ ‘ಕೊಟ್ಟಳು’ ಬಿಟ್ಟು ಬೇರೆ ಕ್ರಿಯಾಪದಕ್ಕೆ ಜಾಗವಿಲ್ಲ. ಭಾಷಾವಿಜ್ಞಾನಿಗಳಾದ ಹ್ಯಾಂಕಮರ್ ಮತ್ತು ಸ್ಯಾಗ್ 1976ರಲ್ಲಿ ಎಳೆದ ಗೆರೆ ಇದೇ: ಕೆಲವು ಲೋಪಗಳಿಗೆ ಎದುರಿಗಿನ ಸನ್ನಿವೇಶ ಸಾಕು, ಗ್ಯಾಪಿಂಗ್‌ನಂಥವಕ್ಕೆ ಹಿಂದೆ ಆಡಿದ ಮಾತೇ ಬೇಕು. ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಬೇಡಿ.

ಇನ್ನು ಜನರನ್ನು ಕೇಳುವಾಗ ‘ಅರ್ಥ ಆಯ್ತಾ?’ ಅಂತ ಕೇಳಬೇಡಿ. ‘ತಂಗಿ ಟೀಯನ್ನು’ ವಾಕ್ಯಕ್ಕೂ ಎಲ್ಲರೂ ಹೂಂ ಅಂತಾರೆ. ‘ನೀವು ಹೀಗೆ ಹೇಳ್ತೀರಾ?’ ಅಂತ ಕೇಳಿ, ಇಲ್ಲ ಅಂದರೆ ಅವರೇ ಹೇಗೆ ತಿದ್ದುತ್ತಾರೆ ಬರೆದುಕೊಳ್ಳಿ. ‘ಅನ್ನು’ ತೆಗೆದು ‘ಗೆ’ ಹಾಕ್ತಾರಾ, ಇಲ್ಲ ‘ಇಷ್ಟಪಡ್ತಾಳೆ’ ಸೇರಿಸ್ತಾರಾ, ಅದೇ ನಿಮ್ಮ ಡೇಟಾ.