ಮೊದಲ ಸಾಲಿನಲ್ಲೇ ಬ್ಲೇಡು ಕಾಣಲಿ

“ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಒಂದು ಪೋಸ್ಟ್ ಬರೆದೆ. ‘ಅಡಿಕೆ ಬೆಳೆಗಾರರೇ, ಈ ತಪ್ಪು ಮಾಡಲೇಬೇಡಿ!’ ಅಂತ ಶುರು ಮಾಡಿದ್ದಕ್ಕೆ ತೀರ್ಥಹಳ್ಳಿ ಕಡೆಯವರೇ ನಕ್ಕರು. ಹೇಗೆ ಶುರು ಮಾಡಲಿ?”

ತಪ್ಪು ಯಾವುದು ಅನ್ನೋದನ್ನೇ ಮುಚ್ಚಿಟ್ಟಿದ್ದೀರಿ, ಅದಕ್ಕೇ ಅಗ್ಗ ಅನಿಸುತ್ತೆ. ‘ಅಡಿಕೆ’ ತೆಗೆದು ‘ಕಾಫಿ’ ಹಾಕಿದರೂ ಆ ಸಾಲು ನಡೆಯುತ್ತಲ್ಲ? ಹಾಗೆ ಎಲ್ಲಿಗೂ ಹೊಂದುವ ಸಾಲನ್ನು ಹೊಡೆದುಹಾಕಿ.

ಆಮೇಲೆ ನಿಮ್ಮ ಬರಹದಲ್ಲಿ ಕಣ್ಣಿಗೆ ಕಾಣುವ ಒಂದು ವಸ್ತು ಹುಡುಕಿ. ಸಾಮಾನ್ಯವಾಗಿ ಅದು ಮೂರನೇ ಪ್ಯಾರಾದಲ್ಲಿ ಅಡಗಿರುತ್ತೆ. ಅದನ್ನೇ ಮೇಲಕ್ಕೆ ತನ್ನಿ:

“ಬೋರ್ಡೋದಲ್ಲಿ ಅದ್ದಿದ ಬ್ಲೇಡು ಕೆಂಪಾಯಿತೇ? ಸುಣ್ಣ ಸಾಲದು, ಹಾಗೇ ಹೊಡೆಯಬೇಡಿ.”

ಉತ್ತರ ಕೊಟ್ಟುಬಿಟ್ಟೆ ಅಂತ ಹೆದರಬೇಡಿ. ಯಾಕೆ ಕೆಂಪಾಗುತ್ತೆ, ಸುಣ್ಣದ ತಿಳಿ ಇನ್ನೆಷ್ಟು ಬೇಕು ಅಂತ ತಿಳಿಯೋಕೆ ಜನ ಕೆಳಗೆ ಓದ್ತಾರೆ. ಎರಡನೇ ಸಾಲಲ್ಲೇ ಆ ಕಾರಣ ಶುರುವಾಗಬೇಕು, ಮಳೆಗಾಲದ ವರ್ಣನೆ ಅಲ್ಲ.

ಪೋಸ್ಟಿನ ಮೊದಲ ಸಾಲು ಪರದೆಯಲ್ಲಿ ಎಲ್ಲಿ ತುಂಡಾಗುತ್ತೆ ಅನ್ನೋದು ಫೋನಿಂದ ಫೋನಿಗೆ ಬೇರೆ. ‘ಬ್ಲೇಡು’ ಮೊದಲ ನಾಲ್ಕೈದು ಪದದೊಳಗೇ ಬರಲಿ.