ಸಿಟ್ಟಿಗೆದ್ದ ಗ್ರಾಹಕರ ಬಗ್ಗೆ ಬ್ಯಾಂಕ್ ಸಿಬ್ಬಂದಿಗೆ ತರಬೇತಿ ವಿಡಿಯೋ: ಸ್ಕ್ರಿಪ್ಟ್ ಹೇಗೆ ಬರೆಯಬೇಕು?

"ಕಲಬುರಗಿ ಜಿಲ್ಲೆಯ ನಮ್ಮ ಶಾಖೆಗಳ ಕೌಂಟರ್ ಸಿಬ್ಬಂದಿಗಾಗಿ ಚಿಕ್ಕ ಚಿಕ್ಕ ಅಭಿನಯದ ದೃಶ್ಯಗಳಿರುವ ತರಬೇತಿ ವಿಡಿಯೋ ಮಾಡಬೇಕಾಗಿದೆ. ಸ್ಕ್ರಿಪ್ಟ್ ನನ್ನ ತಲೆಗೆ ಬಿದ್ದಿದೆ. ಬರೆದದ್ದೆಲ್ಲ ನಾಟಕದ ಥರ ಕಾಣ್ತಿದೆ. ಗ್ರಾಹಕ ಕೂಗ್ತಾನೆ, ಕ್ಲರ್ಕ್ ಸಾರಿ ಅಂತಾರೆ, ಮುಗೀತು. ಎಲ್ಲಿ ತಪ್ತಾ ಇದೀನಿ?"

ನಿಮ್ಮ ಗ್ರಾಹಕನಿಗೆ ಸಿಟ್ಟು ಕೊಟ್ಟಿದ್ದೀರಿ, ಲೆಕ್ಕ ಕೊಟ್ಟಿಲ್ಲ. ಕೌಂಟರ್ ಮುಂದೆ ದನಿ ಏರಿಸುವವರು ಸುಮ್ಮನೆ ಏರಿಸುವುದಿಲ್ಲ. ಎಷ್ಟು ರೂಪಾಯಿ, ಯಾವ ತಾರೀಖು, ಎಷ್ಟನೇ ಸಲ ಬಂದದ್ದು, ಹೋದ ಸಲ ಯಾರು ಏನು ಹೇಳಿ ಕಳಿಸಿದರು ಎಂಬುದೆಲ್ಲ ಅವರ ತಲೆಯಲ್ಲಿ ಇರುತ್ತದೆ. ಆದ್ದರಿಂದ ಸಂಭಾಷಣೆ ಬರೆಯುವ ಮೊದಲು ಆ ಲೆಕ್ಕವನ್ನು ಅರ್ಧ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಅದು ಪರದೆಯ ಮೇಲೆ ಪೂರ್ತಿ ಬರಬೇಕಾಗಿಲ್ಲ. ನಟಿಸುವ ಇಬ್ಬರಿಗೂ ಗೊತ್ತಿದ್ದರೆ ಸಾಕು. ಒಂದೇ ದೃಶ್ಯ ಹಿಡಿದು ಹೇಳುತ್ತೇನೆ, ಉಳಿದವನ್ನು ಇದೇ ಅಚ್ಚಿನಲ್ಲಿ ಬರೆಯಬಹುದು.

ಆಳಂದ ಕಡೆಯ ಹಳ್ಳಿಯ ಒಬ್ಬ ಹಿರಿಯ ರೈತ. ಜೂನ್ 2ರಂದು ಬಿತ್ತನೆ ಬೀಜಕ್ಕೆಂದು ಬಸ್ ಸ್ಟ್ಯಾಂಡ್ ಹತ್ತಿರದ ಎಟಿಎಂನಲ್ಲಿ ₹10,000 ತೆಗೆಯಲು ಹೋದ. ಎಟಿಎಂ ಬೇರೆ ಬ್ಯಾಂಕಿನದು. ನೋಟು ಬರಲಿಲ್ಲ, ಖಾತೆಯಿಂದ ಹಣ ಕಡಿತವಾಯಿತು. 3ಕ್ಕೆ ಶಾಖೆಗೆ ಬಂದಾಗ "ತಾನೇ ವಾಪಸ್ ಬರುತ್ತೆ, ಕಾಯಿರಿ" ಎಂದರು. 5ಕ್ಕೆ ಬಂದಾಗ "ಎಟಿಎಂ ಯಾವ ಬ್ಯಾಂಕಿನದೋ ಅಲ್ಲಿಗೆ ಹೋಗಿ" ಎಂದರು. ಆ ಬ್ಯಾಂಕಿನವರು ತಿರುಗಿ ಇಲ್ಲಿಗೇ ಕಳಿಸಿದರು. ಇವತ್ತು 11. ಮಳೆ ಬಿದ್ದಿದೆ, ಪಕ್ಕದ ಹೊಲದವರು ತೊಗರಿ ಬಿತ್ತುತ್ತಿದ್ದಾರೆ.

ಇಷ್ಟಾದ ಮೇಲೆ ನಿಯಮ ನೋಡಿ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಎಟಿಎಂನಲ್ಲಿ ನೋಟು ಬಾರದೆ ಖಾತೆಯಿಂದ ಹಣ ಹೋದರೆ, ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಅದು ವಾಪಸ್ ಜಮಾ ಆಗಬೇಕು. ಕ್ಯಾಲೆಂಡರ್ ದಿನಗಳೇ ಲೆಕ್ಕ. ದಾಟಿದರೆ ದಿನಕ್ಕೆ ₹100 ಪರಿಹಾರ, ಅದೂ ಗ್ರಾಹಕ ಕೇಳದೆಯೇ ಖಾತೆಗೆ ಹೋಗಬೇಕು. ನಮ್ಮ ರೈತನ ಗಡುವು ಜೂನ್ 7ಕ್ಕೇ ಮುಗಿದಿದೆ. ಇವತ್ತು 11ಕ್ಕೆ ಹಣ ಬಂದರೂ ₹400 ಸೇರಿ ಬರಬೇಕು. ಇನ್ನೊಂದು ಮುಖ್ಯ ಸಂಗತಿಯೆಂದರೆ ಎಟಿಎಂ ಯಾರದೇ ಇರಲಿ, ದೂರು ತೆಗೆದುಕೊಳ್ಳಬೇಕಾದದ್ದು ಕಾರ್ಡ್ ಕೊಟ್ಟ ಬ್ಯಾಂಕು. ಅಂದರೆ 5ನೇ ತಾರೀಖು ಇವನಿಗೆ ಸಿಕ್ಕಿದ್ದು ತಪ್ಪು ಮಾಹಿತಿ. ದೃಶ್ಯದ ಕೀಲಿ ಇಲ್ಲಿದೆ.

ಈಗ ತಪ್ಪು ಆವೃತ್ತಿ. ಸುಮಾರು 40 ಸೆಕೆಂಡಿನದು.

ಕಾಕಾ: (ಪಾಸ್‌ಬುಕ್ ಕೌಂಟರ್ ಮೇಲಿಟ್ಟು, ಕೈ ತೆಗೆಯದೆ) ಮೇಡಂ, ಇದು ಮೂರನೇ ಸಲ ಬರ್ಲಾಕತ್ತೀನ್ರಿ. ನನ್ನ ಹತ್ತು ಸಾವಿರ ಎಲ್ಲಿ ಹೋದುವು?
ಕ್ಲರ್ಕ್: (ಪರದೆ ನೋಡುತ್ತಲೇ) ಯಾವ ಎಟಿಎಂ?
ಕಾಕಾ: ಹೋದ ಸಲಾನೂ ಹೇಳೀನ್ರಿ. ಬಸ್ ಸ್ಟ್ಯಾಂಡ್ ಬಲ್ಲಿಂದು.
ಕ್ಲರ್ಕ್: ಅದು ನಮ್ಮದಲ್ಲ. ಆ ಬ್ಯಾಂಕಿನವರನ್ನೇ ಕೇಳಬೇಕು.
ಕಾಕಾ: ಅವ್ರು ಇಲ್ಲಿ ಹೋಗು ಅಂತಾರ, ನೀವು ಅಲ್ಲಿ ಹೋಗು ಅಂತೀರಿ. ನಾ ಏನ್ ಚೆಂಡೇನ್ರಿ?
ಕ್ಲರ್ಕ್: ನೋಡಿ, ಕೂಗಾಡಬೇಡಿ. ರೂಲ್ಸ್ ಹಾಗೇ ಇದೆ.

ಇಲ್ಲಿ ಚಿತ್ರ ನಿಲ್ಲಿಸಿ. ಪರದೆಯ ಮೇಲೆ ಒಂದೇ ಪ್ರಶ್ನೆ ಬರಲಿ: "ಕೆಲಸ ಕೆಟ್ಟದ್ದು ಯಾವ ಮಾತಿಗೆ?" ಹದಿನೈದು ಸೆಕೆಂಡ್ ಮೌನ ಬಿಡಿ. ನೋಡುವವರಲ್ಲಿ ಹೆಚ್ಚಿನವರು "ಕೂಗಾಡಬೇಡಿ ಅಂದಿದ್ದು" ಎಂದೇ ಉತ್ತರಿಸುತ್ತಾರೆ. ಅದು ತಪ್ಪೇ, ಆದರೆ ಅಷ್ಟು ಹೊತ್ತಿಗೆ ಆಗಬೇಕಾದ ಹಾನಿ ಆಗಿಹೋಗಿದೆ. ಕೆಟ್ಟದ್ದು ಎರಡು ಮಾತು ಹಿಂದೆ, "ಅದು ನಮ್ಮದಲ್ಲ" ಎಂದಾಗ. ಅದನ್ನು ಆಕೆ ಎಷ್ಟೇ ಮೃದುವಾಗಿ, ಕೈಮುಗಿದು ಹೇಳಿದ್ದರೂ ಆ ರೈತ ಇನ್ನೊಂದು ಸುತ್ತು ತಿರುಗಬೇಕಾಗುತ್ತಿತ್ತು. ದನಿ, ಮುಖಭಾವಗಳ ಬಗ್ಗೆ ಪಾಠ ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ನಿಮ್ಮದು ತಪ್ಪು ಮಾಹಿತಿಯಿಂದ ಸಿಟ್ಟು ಹುಟ್ಟುವುದನ್ನು ತೋರಿಸಲಿ.

ಈ ಆವೃತ್ತಿಯಲ್ಲಿ ಕ್ಲರ್ಕನ್ನು ಖಳನಾಯಕಿ ಮಾಡಬೇಡಿ. ಮೊಬೈಲ್ ನೋಡುವುದು, ಚಹಾ ಕುಡಿಯುತ್ತ ಉತ್ತರಿಸುವುದು ಇವೆಲ್ಲ ಬಂದರೆ ನೋಡುವವರು "ನಾನಂತೂ ಹೀಗಿಲ್ಲ" ಎಂದುಕೊಂಡು ಆರಾಮಾಗಿ ಕೂರುತ್ತಾರೆ. ಆಕೆ ಕೆಲಸದಲ್ಲೇ ಇರಬೇಕು, ಹಿಂದೆ ಸಾಲು ಇರಬೇಕು, ಹೇಳಿದ ಮಾತು ಸರಿ ಅಂತ ಆಕೆಗೆ ನಂಬಿಕೆಯೂ ಇರಬೇಕು.

ಸರಿ ಆವೃತ್ತಿ ಅದೇ ಮೊದಲ ಮಾತಿನಿಂದ, ಅದೇ ದನಿಯಲ್ಲಿ ಶುರುವಾಗಬೇಕು. ಇಲ್ಲಿ ಗ್ರಾಹಕನನ್ನು ಸ್ವಲ್ಪ ಮೆತ್ತಗೆ ಮಾಡಿಬಿಟ್ಟರೆ ಮೋಸ ಮಾಡಿದ ಹಾಗೆ. ಕೌಂಟರ್‌ನಲ್ಲಿ ಕೂರುವವರು ಅದನ್ನು ಕೂಡಲೇ ಹಿಡಿಯುತ್ತಾರೆ.

ಕ್ಲರ್ಕ್: (ಕೀಬೋರ್ಡ್‌ನಿಂದ ಕೈ ತೆಗೆದು) ಮೂರನೇ ಸಲ ಅಂದ್ರ ತ್ರಾಸ್ ಆಗೇದ ಕಾಕಾ. ಪಾಸ್‌ಬುಕ್ ಕೊಡ್ರಿ. (ನೋಡಿ) ಎರಡನೇ ತಾರೀಖು, ಹತ್ತು ಸಾವಿರ, ಬಸ್ ಸ್ಟ್ಯಾಂಡ್ ಎಟಿಎಂ. ಇದೇ ಅಲ್ರಿ? ವಾಪಸ್ ಜಮಾ ಆಗಿಲ್ಲ.
ಕಾಕಾ: ಅದೇ ರೀ. ನಿಮ್ಮೋರು ಆ ಬ್ಯಾಂಕಿಗಿ ಹೋಗು ಅಂದ್ರು.
ಕ್ಲರ್ಕ್: ಹಂಗ ಹೇಳಿದ್ದು ನಮ್ಮ ತಪ್ಪು. ಕಾರ್ಡ್ ನಮ್ದು, ದೂರು ನಾವೇ ತಗೋಬೇಕು. ಈಗೇ ಬರಕೊಳ್ತೀನಿ.
ಕಾಕಾ: (ದನಿ ಏರಿಸಿ) ಈಗ ಬರಕೊಂಡ್ರ ನನ್ ಬಿತ್ತಿಗಿ ಆಗ್ತದೇನ್ರಿ? ಮಳಿ ಬಿದ್ದು ನಾಕ್ ದಿನ ಆತು!
(ಕ್ಲರ್ಕ್ ಸುಮ್ಮನಿರುತ್ತಾಳೆ. ಎರಡು ಸೆಕೆಂಡ್.)
ಕ್ಲರ್ಕ್: ಇವತ್ತೇ ರೊಕ್ಕ ಬರ್ತದ ಅಂತ ಸುಳ್ಳು ಹೇಳಂಗಿಲ್ಲ ಕಾಕಾ. ಆ ಎಟಿಎಂದು ಲೆಕ್ಕ ತರಿಸಿ ನೋಡ್ತಾರ. ನೋಟು ಬಂದಿಲ್ಲ ಅಂತ ಅದ್ರಾಗ ಸಿಕ್ರ ಹತ್ತು ಸಾವಿರ ವಾಪಸ್. ಏಳನೇ ತಾರೀಖಿನ ಮ್ಯಾಲ ತಡ ಆದ ದಿನಕ್ಕ ನೂರು ರೂಪಾಯಿ ಬ್ಯಾರೆ.
ಕಾಕಾ: (ಸ್ವಲ್ಪ ತಡೆದು) ಬರ್ದು ಕೊಡವ್ವಾ ಹಂಗಾದ್ರ.

ಇದರಲ್ಲಿ ಮೂರು ಕಡೆ ಗಮನ ಕೊಡಿ. ಕ್ಲರ್ಕ್ ತಪ್ಪೊಪ್ಪಿಕೊಂಡ ಕೂಡಲೇ ಸಿಟ್ಟು ಇಳಿಯುವುದಿಲ್ಲ, ಇನ್ನೊಮ್ಮೆ ಏರುತ್ತದೆ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾದಾಗಲೇ ನಿಜವಾದ ಸಂಕಟ, ಅಂದರೆ ಬಿತ್ತನೆ, ಹೊರಬರುವುದು. ಈ ಎರಡನೇ ಏರಿಕೆ ಸ್ಕ್ರಿಪ್ಟ್‌ನಲ್ಲಿ ಇಲ್ಲದಿದ್ದರೆ ತರಬೇತಿ ಪಡೆದವರು ನಿಜವಾದ ಕೌಂಟರ್‌ನಲ್ಲಿ ಅಲ್ಲೇ ಎಡವುತ್ತಾರೆ. "ಸಾರಿ ಅಂದ್ರೂ ಕೂಗ್ತಾರೆ" ಎಂದು ಅವರೂ ದನಿ ಏರಿಸುತ್ತಾರೆ.

ಎರಡನೆಯದು ಆ ಎರಡು ಸೆಕೆಂಡ್ ಮೌನ. ಅದನ್ನು ಸ್ಕ್ರಿಪ್ಟ್‌ನಲ್ಲಿ ಪ್ರತ್ಯೇಕ ಸಾಲಾಗಿ ಬರೆಯಿರಿ, ಇಲ್ಲವಾದರೆ ಎಡಿಟ್ ಮಾಡುವವರು ಖಾಲಿ ಜಾಗ ಅಂತ ಕತ್ತರಿಸಿಬಿಡುತ್ತಾರೆ.

ಮೂರನೆಯದು "ರೀ" ಹೋಗಿ "ಅವ್ವಾ" ಬಂದದ್ದು. ನಮ್ಮ ಕಡೆ ಸಿಟ್ಟಿನಲ್ಲಿರುವ ಹಿರಿಯರು ಮೇಡಂ, ಸಾಹೇಬ್ರ ಅಂತ ದೂರ ನಿಂತು ಮಾತಾಡುತ್ತಾರೆ. ಸಮಾಧಾನವಾದಾಗ ಅವ್ವಾ, ತಮ್ಮಾ ಬರುತ್ತದೆ. ಹೊರಗಿನಿಂದ ವರ್ಗವಾಗಿ ಬಂದ ಸಿಬ್ಬಂದಿ ಅದನ್ನು ಅಗೌರವ ಎಂದು ತಿಳಿದು ಮುಖ ಬಿಗಿಯುವುದುಂಟು. ಹಿನ್ನೆಲೆ ಧ್ವನಿಯಲ್ಲಿ ಒಂದು ವಾಕ್ಯ ಇದಕ್ಕೇ ಮೀಸಲಿಡಿ. ಹಾಗೆಯೇ ರೈತ ರೊಕ್ಕ ಎಂದಾಗ ಕ್ಲರ್ಕ್ "ಅಮೌಂಟ್ ರಿವರ್ಸಲ್" ಎನ್ನದಿರಲಿ.

ಕೊನೆಯಲ್ಲಿ ನಗು, ಕೈಕುಲುಕುವುದು ಬೇಡ. ಕ್ಲರ್ಕ್ ಎಟಿಎಂ ಇರುವ ಜಾಗ, ಸಮಯ, ಮೊತ್ತ ಕೇಳಿ ದೂರು ದಾಖಲಿಸುತ್ತಾಳೆ (ಪಿನ್, ಓಟಿಪಿ ಕೇಳುವುದಿಲ್ಲ ಎಂಬುದು ಕಾಣಬೇಕು). ದೂರಿನ ಸಂಖ್ಯೆ, ಇವತ್ತಿನ ತಾರೀಖು, ಶಾಖೆಯ ಫೋನ್ ನಂಬರ್ ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡುತ್ತಾಳೆ. ಎಸ್ಸೆಮ್ಮೆಸ್ ಬರುತ್ತದೆ ಎಂದರೆ ಅವನ ಕೈಗೆ ಏನೂ ಸಿಕ್ಕಂತಾಗುವುದಿಲ್ಲ. ಚೀಟಿಯನ್ನು ಪಾಸ್‌ಬುಕ್ಕಿನೊಳಗೆ ಇಡುವ ಕೈ ಹತ್ತಿರದಿಂದ ತೋರಿಸಿ, ಅಲ್ಲಿಗೆ ಕಟ್.

ಪರಿಹಾರದ ಮಾತಿನಲ್ಲಿರುವ "ಸಿಕ್ರ" ಎಂಬ ಷರತ್ತನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ನೋಟು ಹೊರಬಂದಿದೆ ಎಂದು ಎಟಿಎಂ ದಾಖಲೆ ತೋರಿಸಿದರೆ ದೂರು ತಿರಸ್ಕೃತವಾಗಬಹುದು. ಆಗ "ಖಂಡಿತ ಬರುತ್ತೆ" ಎಂದವಳ ಮುಂದೆ ಇದಕ್ಕಿಂತ ದೊಡ್ಡ ಜಗಳ ಬಂದು ನಿಲ್ಲುತ್ತದೆ. "ಇಲ್ಲಿ ಆಗದಿದ್ರೆ ಎಲ್ಲಿ ಹೋಗ್ಲಿ" ಎಂದು ಅವನು ಕೇಳುವ ಸಾಲು ಸೇರಿಸುವುದಾದರೆ ಉತ್ತರ ಮುಚ್ಚಿಡಬೇಡಿ: 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, cms.rbi.org.in ನಲ್ಲಿ ದೂರು ಕೊಡಬಹುದು.

ಬೈಗುಳ, ಕೈ ಎತ್ತುವುದು ಈ ದೃಶ್ಯದೊಳಗೆ ಬೇಡ, ಅದರ ಪಾಠವೇ ಬೇರೆ. ಮ್ಯಾನೇಜರ್ ಹತ್ತಿರ ಕಳಿಸುವ ದೃಶ್ಯ ಬರೆದರೆ, ಕ್ಲರ್ಕ್ ತಾನೇ ಜೊತೆಗೆ ಹೋಗಿ ಎರಡು ವಾಕ್ಯದಲ್ಲಿ ವಿಷಯ ಹೇಳಲಿ. ನಾಲ್ಕನೇ ಸಲ ಮೊದಲಿನಿಂದ ಕಥೆ ಹೇಳಿಸಿದರೆ ಇಳಿದದ್ದು ಮತ್ತೆ ಏರುತ್ತದೆ.

ಪಾತ್ರಕ್ಕೆ ಶಾಖೆಯ ನಗೆಗಾರನನ್ನು ಹಾಕಬೇಡಿ. ಅವನು ಹಳ್ಳಿ ಮಾತನ್ನು ಅಣಕಿಸುತ್ತಾನೆ, ಎಲ್ಲರೂ ನಗುತ್ತಾರೆ, ಅಲ್ಲಿಗೆ ದೃಶ್ಯ ಸತ್ತಿತು. ಮನೆಯಲ್ಲೂ ಆ ಮಾತನ್ನೇ ಆಡುವ ಸಿಬ್ಬಂದಿಯನ್ನು ಹಿಡಿಯಿರಿ. ಬಾಯಿಪಾಠ ಮಾಡಿಸದೆ, ಪ್ರತಿ ಮಾತಿನ ಉದ್ದೇಶ ಹೇಳಿ, ಅವರದೇ ಬಾಯಲ್ಲಿ ಎರಡು ಸಲ ಆಡಿಸಿ. ಬಂದದ್ದನ್ನು ಬರೆದುಕೊಂಡು ಸ್ಕ್ರಿಪ್ಟ್ ತಿದ್ದಿ. ನಾನು ಮೇಲೆ ಬರೆದ ಸಾಲುಗಳಿಗೂ ಇದೇ ಗತಿಯಾಗಲಿ. ತಾರೀಖು, ಮೊತ್ತ, ನಿಯಮದ ಮಾತು ಮಾತ್ರ ಬದಲಾಗಬಾರದು.

ಚಿತ್ರೀಕರಣಕ್ಕೆ ಎರಡನೇ ಅಥವಾ ನಾಲ್ಕನೇ ಶನಿವಾರ ಇಟ್ಟುಕೊಳ್ಳಿ. ಶಾಖೆ ಮುಚ್ಚಿರುತ್ತದೆ, ನಿಜವಾದ ಗ್ರಾಹಕರ ಮುಖ ಸಿಗುವುದಿಲ್ಲ. ಪಾಸ್‌ಬುಕ್ ಮತ್ತು ಪರದೆಯ ಮೇಲೆ ಕಲ್ಪಿತ ಖಾತೆಯೇ ಇರಲಿ. ಸೆಕೆ ಎಷ್ಟಿದ್ದರೂ ಟೇಕ್ ಹೊತ್ತಿಗೆ ಫ್ಯಾನ್ ಆಫ್ ಮಾಡಿಸಿ, ಮಾತಿನ ಕೊನೆಯ ಅಕ್ಷರಗಳನ್ನು ಅದು ನುಂಗುತ್ತದೆ. ಇಲ್ಲಿ "ರೀ" ಕೇಳಿಸದಿದ್ದರೆ "ಅವ್ವಾ" ಬಂದದ್ದೂ ಗೊತ್ತಾಗುವುದಿಲ್ಲ.