ಸಭೆಗೆ ಬಾರದವರಿಗೆ ಬರೆಯುವ ಇಮೇಲ್

ಪ್ರಶ್ನೆ: ವಿದೇಶದ ಗ್ರಾಹಕರೊಬ್ಬರು ನಿಗದಿಯಾದ ವಿಡಿಯೊ ಕರೆಗೆ ಬರಲಿಲ್ಲ. ಇಪ್ಪತ್ತು ನಿಮಿಷ ಕಾದೆ, ಸುದ್ದಿಯೇ ಇಲ್ಲ. ದೂರಿದಂತೆ ಕಾಣಬಾರದು, ಆದರೆ ತಪ್ಪು ಅವರದೆಂದು ಅವರಿಗೆ ತಿಳಿಯಬೇಕು, ಹೊಸ ಸಮಯವನ್ನೂ ಕೇಳಬೇಕು. ಇಮೇಲ್ ಹೇಗೆ ಬರೆಯಲಿ?

ಉತ್ತರ: 2022ರ ನವೆಂಬರ್ 7, ಸೋಮವಾರ. ಸಂಜೆ 6.30ಕ್ಕೆ ನಾನೂ ನಿಮ್ಮಂತೆಯೇ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದೆ. ನಾನು ಚನ್ನಪಟ್ಟಣದ ಮರದ ಆಟಿಕೆಗಳನ್ನು ಹೊರದೇಶಗಳ ಸಣ್ಣ ಅಂಗಡಿಗಳಿಗೆ ಕಳಿಸುವವನು. ಆ ದಿನ ಮಾತನಾಡಬೇಕಾಗಿದ್ದವರು ನ್ಯೂಜೆರ್ಸಿಯಲ್ಲಿ ಅಂಗಡಿ ಇಟ್ಟಿರುವ, ಮೂಲತಃ ಹಾಸನದ ಕಡೆಯ ಒಬ್ಬ ಮಹಿಳೆ. ಎರಡು ಸಣ್ಣ ಆರ್ಡರ್‌ಗಳು ಚೆನ್ನಾಗಿ ಮುಗಿದಿದ್ದವು, ಮೂರನೆಯದು ದೊಡ್ಡದಾಗಲಿತ್ತು. ಮೇಜಿನ ಮೇಲೆ ಮಾದರಿಗಳನ್ನು ಬಣ್ಣದ ಪ್ರಕಾರ ಜೋಡಿಸಿ ಇಟ್ಟುಕೊಂಡಿದ್ದೆ.

6.40 ಆಯಿತು, 6.50 ಆಯಿತು. ಅವರು ಬರಲಿಲ್ಲ. 6.58ಕ್ಕೆ ನಾನು ಕಳಿಸಿದ ಇಮೇಲ್ ಹೀಗಿತ್ತು: ‘ನಿಮಗಾಗಿ ಅರ್ಧ ಗಂಟೆ ಕಾದೆ. ಬರಲಾಗದಿದ್ದರೆ ಒಂದು ಮಾತಾದರೂ ತಿಳಿಸಬಹುದಿತ್ತು. ಪರವಾಗಿಲ್ಲ, ಬಿಡುವಾದಾಗ ಹೇಳಿ.’ ಕಳಿಸಿ, ಮೊಬೈಲ್ ಮನೆಯಲ್ಲೇ ಬಿಟ್ಟು ವಾಕಿಂಗ್ ಹೋದೆ. ಬಹಳ ಸಭ್ಯವಾಗಿ ಬರೆದಿದ್ದೇನೆ ಎಂದು ಹೆಮ್ಮೆ ಬೇರೆ.

ವಾಪಸ್ ಬಂದು ನೋಡಿದರೆ ಅವರ ಉತ್ತರ ಬಂದಿತ್ತು. ‘ನಾನು 9ಕ್ಕೆ ಸರಿಯಾಗಿ ಬಂದು ಹದಿನೈದು ನಿಮಿಷ ಕುಳಿತಿದ್ದೆ. ನೀವೇ ಇರಲಿಲ್ಲ. ಆಮೇಲೆ ನಿಮ್ಮ ಮೇಲ್ ನೋಡಿದೆ.’ ಅಷ್ಟೇ.

ಆದದ್ದೇನು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಆರ್ಡರ್ ಹೋದದ್ದು ಇದರಿಂದಲೇ. ಅಕ್ಟೋಬರ್ ಕೊನೆಯಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ‘ಸೋಮವಾರ ನಮ್ಮ ಬೆಳಿಗ್ಗೆ 9’ ಎಂದು ಅವರು ಹೇಳಿದ್ದರು. ಆಗ ನ್ಯೂಜೆರ್ಸಿಗೂ ನಮಗೂ ಒಂಬತ್ತೂವರೆ ಗಂಟೆ ಅಂತರ. ಅವರ 9 ನಮಗೆ ಸಂಜೆ 6.30. ನಾನು ಡೈರಿಯಲ್ಲಿ 6.30 ಎಂದು ಬರೆದು, ಅವರ 9ನ್ನು ಮರೆತುಬಿಟ್ಟೆ. ಕ್ಯಾಲೆಂಡರ್ ಆಹ್ವಾನ ಕಳಿಸಲಿಲ್ಲ, ಬರೀ ಲಿಂಕ್ ಕಳಿಸಿದೆ. ಆದರೆ ಅಮೆರಿಕದ ಬಹುಪಾಲು ಕಡೆ ನವೆಂಬರ್‌ನ ಮೊದಲ ಭಾನುವಾರ ನಸುಕಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ವರ್ಷ ಅದು 6ನೇ ತಾರೀಖು, ನಮ್ಮ ಸಭೆಯ ಹಿಂದಿನ ದಿನ. ಅಂತರ ಹತ್ತೂವರೆ ಗಂಟೆಯಾಯಿತು. ಅವರ 9 ಈಗ ನಮ್ಮ 7.30. ಕ್ಯಾಲೆಂಡರ್‌ನಲ್ಲಿ ಅವರ ಊರಿನ ಗಂಟೆಯಲ್ಲೇ ಆಹ್ವಾನ ಮಾಡಿದ್ದರೆ ನನ್ನ ಪರದೆಯಲ್ಲಿ ಅದು ತಾನಾಗಿ 7.30 ಎಂದು ತೋರಿಸುತ್ತಿತ್ತು.

ನನ್ನ ಇಮೇಲ್ ಅವರಿಗೆ ತಲುಪಿದ್ದು ಅವರ 8.28ಕ್ಕೆ. ಅಂದರೆ ಸಭೆಗೆ ಮೂವತ್ತೆರಡು ನಿಮಿಷ ಬಾಕಿ ಇರುವಾಗಲೇ, ಬರಲಿಲ್ಲವೆಂದು ಬೈಸಿಕೊಂಡಿದ್ದರು! ಗಡಿಯಾರದ ತಪ್ಪನ್ನಾದರೂ ಅವರು ಕ್ಷಮಿಸುತ್ತಿದ್ದರೇನೋ. ಆ ಇಮೇಲ್ ಇದ್ದ ಮೇಲೆ ನನ್ನ ಕ್ಷಮಾಪಣೆಗೆ ಬೆಲೆ ಉಳಿಯಲಿಲ್ಲ. ಮೂರನೇ ಆರ್ಡರ್ ಬೇರೆಯವರಿಗೆ ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಅರ್ಧ ಭಾಗವನ್ನು ನಾನು ಒಪ್ಪುವುದಿಲ್ಲ. ‘ತಪ್ಪು ಅವರದೆಂದು ತಿಳಿಯಬೇಕು’ ಎಂದಿದ್ದೀರಿ. ತಪ್ಪು ಅವರದೇ ಎಂದು ನಿಮಗೆ ಹೇಗೆ ಗೊತ್ತು? ಮೊದಲು ನೀವೇ ಕಳಿಸಿದ್ದನ್ನು ತೆರೆದು ನೋಡಿ: ಯಾವ ಊರಿನ ಗಂಟೆ, ಯಾವ ತಾರೀಖು, ಲಿಂಕ್ ಅದೇನಾ, ಆಹ್ವಾನವನ್ನು ಅವರು ಒಪ್ಪಿಕೊಂಡಿದ್ದರೇ. ಬ್ರಿಟನ್‌ನವರಾದರೆ ಅವರ ಗಡಿಯಾರ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್‌ಗಳ ಕೊನೆಯ ಭಾನುವಾರ, ಅಮೆರಿಕದವರ ಜೊತೆಗಲ್ಲ. ತಪ್ಪು ನಿಜವಾಗಿ ಅವರದೇ ಆಗಿದ್ದರೆ ಅದು ಅವರಿಗೆ ಗೊತ್ತಿರುತ್ತದೆ, ನೀವು ಹೇಳಬೇಕಾಗಿಲ್ಲ.

ದೂರು ಎಲ್ಲಿ ಅಡಗುತ್ತದೆ ಎಂದು ನನ್ನ ಆ ಮೂರು ವಾಕ್ಯಗಳಲ್ಲೇ ನೋಡಿ. ‘ಒಂದು ಮಾತಾದರೂ’ ಎಂಬುದರಲ್ಲಿ ‘ಆದರೂ’ ಇದೆಯಲ್ಲ, ಅದು ಚುಚ್ಚುತ್ತದೆ. ‘ಅರ್ಧ ಗಂಟೆ ಕಾದೆ’ ಎಂಬುದು ಕಾದದ್ದಕ್ಕೆ ಬಿಲ್ ಕಳಿಸಿದಂತೆ. ಎಲ್ಲಕ್ಕಿಂತ ಕೆಟ್ಟದ್ದು ‘ಪರವಾಗಿಲ್ಲ’. ಯಾರೂ ಕ್ಷಮೆ ಕೇಳುವ ಮೊದಲೇ ಕ್ಷಮಿಸಿಬಿಟ್ಟರೆ, ತಪ್ಪಿತಸ್ಥರು ನೀವು ಎಂದು ಹೇಳಿದಂತೆಯೇ. ನಮ್ಮ ಕನ್ನಡದಲ್ಲಿ ಒಂದು ಅನುಕೂಲವಿದೆ: ‘ನೀವು ಬರಲಿಲ್ಲ’ ಎನ್ನುವ ಬದಲು ‘ಮಾತನಾಡಲು ಆಗಲಿಲ್ಲ’ ಎಂದರೆ ವಾಕ್ಯದಲ್ಲಿ ಕರ್ತೃವೇ ಇರುವುದಿಲ್ಲ. ಬಾರದವರು ಯಾರು ಎಂಬ ಮಾತೇ ಏಳುವುದಿಲ್ಲ.

ಆ ಸಂಜೆ ನಾನು ಬರೆಯಬೇಕಾಗಿದ್ದದ್ದು ಇದು:

‘ನಮಸ್ಕಾರ ಮೇಡಂ. ಇಂದು ಸಂಜೆ (ಭಾರತದ 6.30ಕ್ಕೆ) ನಾವು ಅಂದುಕೊಂಡಂತೆ ಮಾತನಾಡಲು ಆಗಲಿಲ್ಲ. ನೀವೆಲ್ಲ ಕ್ಷೇಮವೆಂದು ಭಾವಿಸುತ್ತೇನೆ. ಸಮಯ ಅಥವಾ ಲಿಂಕ್‌ನಲ್ಲಿ ನನ್ನಿಂದ ತಪ್ಪಾಗಿದ್ದರೆ ದಯವಿಟ್ಟು ತಿಳಿಸಿ. ಈ ಎರಡರಲ್ಲಿ ಯಾವುದಾದರೂ ನಿಮಗೆ ಹೊಂದುತ್ತದೆಯೇ? ಬುಧವಾರ 9ರಂದು ನ್ಯೂಜೆರ್ಸಿ ಬೆಳಿಗ್ಗೆ 9 (ಭಾರತ ಅದೇ ದಿನ ಸಂಜೆ 7.30). ಇಲ್ಲವೇ ಗುರುವಾರ 10ರಂದು ನ್ಯೂಜೆರ್ಸಿ ರಾತ್ರಿ 8 (ಭಾರತ ಶುಕ್ರವಾರ ಬೆಳಿಗ್ಗೆ 6.30). ಒಂದನ್ನು ಹೇಳಿದರೆ ಆಹ್ವಾನ ಕಳಿಸುತ್ತೇನೆ. ಈ ವಾರ ಬಿಡುವಿಲ್ಲದಿದ್ದರೆ ಅದನ್ನೇ ಬರೆಯಿರಿ, ಮಾದರಿಗಳ ಚಿತ್ರಗಳನ್ನು ಇಮೇಲ್‌ನಲ್ಲೇ ಕಳಿಸುತ್ತೇನೆ.’

ಇದರಲ್ಲಿರುವ ‘ಭಾರತದ 6.30ಕ್ಕೆ’ ಎಂಬ ಎರಡು ಪದಗಳು ನಾನು ಕಳಿಸಿದ ಇಮೇಲ್‌ನಲ್ಲಿ ಇದ್ದಿದ್ದರೆ ಅವರು ಓದಿದ ತಕ್ಷಣ ‘ಅಯ್ಯೋ, ಅದು 7.30 ಅಲ್ಲವೇ’ ಎನ್ನುತ್ತಿದ್ದರು, ಮೊಬೈಲ್ ಜೊತೆಗಿದ್ದಿದ್ದರೆ ನಾನು ಓಡಿಬಂದು ಕೂರುತ್ತಿದ್ದೆ. ‘ಕ್ಷೇಮವೆಂದು ಭಾವಿಸುತ್ತೇನೆ’ ಎಂಬಲ್ಲಿಗೆ ನಿಲ್ಲಿಸಿ, ‘ಏನಾಯಿತು?’ ಎಂದು ಕೇಳಬೇಡಿ. ಮನೆಯಲ್ಲಿ ಕಾಯಿಲೆಯೋ ಸಾವೋ ಆಗಿದ್ದರೆ ಅಪರಿಚಿತ ವ್ಯಾಪಾರಿಗೆ ವಿವರಿಸುವ ಕಷ್ಟ ಅವರಿಗೇಕೆ? ಸುಮ್ಮನೆ ಮರೆತಿದ್ದರೆ ಒಂದು ಸುಳ್ಳು ಹೇಳಿಸಿದಂತಾಗುತ್ತದೆ. ‘ನಿಮಗೆ ಯಾವಾಗ ಅನುಕೂಲ?’ ಎಂದೂ ಕೇಳಬೇಡಿ. ಆ ಪ್ರಶ್ನೆಗೆ ಉತ್ತರಿಸಲು ಕ್ಯಾಲೆಂಡರ್ ತೆರೆದು ಯೋಚಿಸಬೇಕು, ಆದ್ದರಿಂದ ಇಮೇಲ್ ಹಾಗೆಯೇ ಕೆಳಗೆ ಸರಿಯುತ್ತದೆ. ಎರಡು ಸಮಯ ಕೊಡಿ, ಒಂದು ಬೆಳಿಗ್ಗೆಯದು, ಒಂದು ರಾತ್ರಿಯದು. ಐದು ಕೊಟ್ಟರೆ ನಿಮಗೆ ಕೆಲಸವಿಲ್ಲ ಎಂದು ತೋರುತ್ತದೆ, ಇದು ನನ್ನ ಅಭಿಪ್ರಾಯ ಮಾತ್ರ.

ಹೊಸ ಇಮೇಲ್ ಆರಂಭಿಸದೆ ಹಳೆಯ ಆಹ್ವಾನದ ಸರಣಿಯಲ್ಲೇ ಉತ್ತರಿಸಿ. ಮೇಲಿನ ಸಮಯ, ಲಿಂಕ್ ಅವರ ಕಣ್ಣಿಗೂ ಬೀಳುತ್ತದೆ. ‘ಹಾಜರಾಗದ ಬಗ್ಗೆ’ ಎಂಬ ಶೀರ್ಷಿಕೆ ಬೇಡ, ಅದು ಶಾಲೆಯಿಂದ ಬಂದ ಪತ್ರದಂತಿರುತ್ತದೆ. ಈಗ ನಾನು ಸಭೆಯ ಹತ್ತನೇ ನಿಮಿಷಕ್ಕೆ ‘ಲಿಂಕ್ ತೆರೆದಿದೆ, ಇಲ್ಲೇ ಇದ್ದೇನೆ’ ಎಂದು ಒಂದು ಸಾಲು ಕಳಿಸುತ್ತೇನೆ. ಕಾಲು ಗಂಟೆಗೆ ಏಳುತ್ತೇನೆ, ಆದರೆ ಇಮೇಲ್ ಬರೆಯುವುದು ಇನ್ನೂ ಒಂದೂವರೆ ಗಂಟೆ ಕಳೆದ ಮೇಲೆ. ಒಂದು ಗಂಟೆಯ ಗಡಿಯಾರದ ವ್ಯತ್ಯಾಸವಿದ್ದರೆ ಅಷ್ಟರಲ್ಲಿ ಅವರೇ ಬಂದುಬಿಟ್ಟಿರುತ್ತಾರೆ. ಅದಕ್ಕಾಗಿ ಮೊಬೈಲ್ ಕೈಯಲ್ಲೇ ಇರುತ್ತದೆ, ವಾಕಿಂಗ್‌ಗೂ ಜೊತೆಗೇ ಬರುತ್ತದೆ.

ಉತ್ತರ ಬಾರದಿದ್ದರೆ ನಾಲ್ಕೈದು ದಿನ ಬಿಟ್ಟು ಇನ್ನೊಂದೇ ಸಾಲು, ಹೊಸ ಎರಡು ಸಮಯಗಳೊಂದಿಗೆ. ಅದಕ್ಕೂ ಮೌನವಾದರೆ ನಾನು ಬರೆಯುವುದಿಲ್ಲ. ಒಪ್ಪಿಕೊಂಡ ಎರಡನೇ ಸಮಯಕ್ಕೂ ಬಾರದವರಿದ್ದಾರೆ, ಅಂಥವರಿಗೆ ಮೂರನೇ ಸಮಯ ನಾನು ಸೂಚಿಸುವುದಿಲ್ಲ. ‘ನಿಮಗೆ ಅನುಕೂಲವಾದಾಗ ನೀವೇ ಒಂದು ಸಮಯ ಕಳಿಸಿ’ ಎಂದು ಬರೆದು ಮಾದರಿಗಳನ್ನು ಡಬ್ಬಕ್ಕೆ ತುಂಬುತ್ತೇನೆ.